ಪ್ರಾರ್ಥನಾ ಸಭೆಯಲ್ಲಿ ಯೂನಿಟ್ಟಿನ ಲೆಕ್ಕ: ನನ್ನ ಅನುಭವ

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ, ಮನೆಯ ವಿದ್ಯುತ್ ಬಳಕೆ ತಗ್ಗಿಸುವ ಕುರಿತು ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಕೆಲವು ನಿಮಿಷ ಮಾತನಾಡುವಂತೆ ಮುಖ್ಯೋಪಾಧ್ಯಾಯರು ಸೂಚಿಸಿದ್ದರು. ಬಿಸಿಲಿನಲ್ಲಿ ನಿಂತು ಕೇಳುವ ಮಕ್ಕಳ ತಲೆಯಲ್ಲಿ ಹೆಚ್ಚು ಅಂಕಿಗಳು ಉಳಿಯುವುದಿಲ್ಲವಾದ್ದರಿಂದ, ಇಡೀ ಭಾಷಣವನ್ನು ಒಂದು ಯೂನಿಟ್ಟಿನ ಸುತ್ತಲೇ ಹೆಣೆದೆ.

ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್ ಎಂದು ಹೇಳಿ, ಅಷ್ಟರಲ್ಲಿ ಏನೇನು ನಡೆಯುತ್ತದೆ ಎಂದು ಕೇಳಿದೆ. 9 ವ್ಯಾಟಿನ ಎಲ್‌ಇಡಿ ಬಲ್ಬು ಸುಮಾರು 111 ಗಂಟೆ ಉರಿಯುತ್ತದೆ, 75 ವ್ಯಾಟಿನ ಹಳೆಯ ಸೀಲಿಂಗ್ ಫ್ಯಾನು 13 ಗಂಟೆ ತಿರುಗುತ್ತದೆ, 2000 ವ್ಯಾಟಿನ ಗೀಸರ್ ಅರ್ಧ ಗಂಟೆಗೇ ಅದನ್ನು ಮುಗಿಸುತ್ತದೆ. ಉಳಿತಾಯವೆಂದರೆ ದೀಪ ಆರಿಸುವುದು ಎಂದಷ್ಟೇ ತಿಳಿದಿದ್ದ ಮಕ್ಕಳಿಗೆ ಈ ಅಂತರವೇ ಮುಖ್ಯ ಎಂದು ನನಗೆ ಅನಿಸಿತ್ತು.

ಫ್ಯಾನಿನ ಲೆಕ್ಕವನ್ನು ಅವರಿಂದಲೇ ಮಾಡಿಸಿದೆ. ಖಾಲಿ ಕೋಣೆಯಲ್ಲಿ ದಿನಕ್ಕೆ ಎರಡು ಗಂಟೆ ತಿರುಗುವ ಫ್ಯಾನನ್ನು ನಿಲ್ಲಿಸಿದರೆ 150 ವ್ಯಾಟ್-ಗಂಟೆ, ಮೂವತ್ತು ದಿನಕ್ಕೆ ನಾಲ್ಕೂವರೆ ಯೂನಿಟ್ ಉಳಿಯುತ್ತದೆ. ಗೀಸರಿನಲ್ಲಿ ಮಾತ್ರ ಎಚ್ಚರ ಬೇಕು: ನೀರು ಕಾದ ಮೇಲೆ ಥರ್ಮೋಸ್ಟಾಟ್ ವಿದ್ಯುತ್ತನ್ನು ತಾನೇ ತಡೆಯುವುದರಿಂದ, ಸ್ವಿಚ್ ಹಾಕಿದ ಅವಧಿಯನ್ನೆಲ್ಲ 2000ದಿಂದ ಗುಣಿಸುವುದು ತಪ್ಪು. ಅದರ ಬದಲು ನೀರನ್ನೇ ಲೆಕ್ಕ ಹಾಕಿದೆವು. 25 ಡಿಗ್ರಿಯ 15 ಲೀಟರ್ ನೀರನ್ನು 40 ಡಿಗ್ರಿಗೆ ಏರಿಸಲು ಸುಮಾರು ಕಾಲು ಯೂನಿಟ್ ಬೇಕು. ನಾಲ್ವರ ಮನೆಯಲ್ಲಿ ಪ್ರತಿಯೊಬ್ಬರೂ ಅಂಥ ಒಂದು ಬಕೆಟ್ ಕಡಿಮೆ ಬಳಸಿದರೆ ದಿನಕ್ಕೆ ಒಂದು, ತಿಂಗಳಿಗೆ ಮೂವತ್ತು ಯೂನಿಟ್ ಉಳಿಯುತ್ತದೆ.

"ಸರ್, ನಮ್ಮ ಮನೆಗೆ ಬಿಲ್ಲೇ ಬರುವುದಿಲ್ಲ" ಎಂದ ಹುಡುಗನೊಬ್ಬ. 2023ರಲ್ಲಿ ಆರಂಭವಾದ ಗೃಹಜ್ಯೋತಿಯಿಂದಾಗಿ ಆ ಮಾತು ಬರುತ್ತದೆಂದು ಎಣಿಸಿಯೇ ಇದ್ದೆ. ಆ ಯೋಜನೆಯಲ್ಲಿ, ತೀರಾ ಕಡಿಮೆ ಬಳಸುವ ಮನೆಗಳನ್ನು ಬಿಟ್ಟರೆ, ಸಾಮಾನ್ಯವಾಗಿ 2022-23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿದಷ್ಟು ಮಾತ್ರ ಉಚಿತ. ಸರಾಸರಿ 100 ಇದ್ದ ಮನೆ 130 ಬಳಸಿದರೆ 20 ಯೂನಿಟ್ಟಿಗೆ ಹಣ ಕಟ್ಟಬೇಕು. 200 ಮೀರಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಹೀಗಾಗಿ ಅಂಚಿನಲ್ಲಿರುವ ಮನೆಗೆ ಮೂವತ್ತು ಯೂನಿಟ್ ಸಣ್ಣದಲ್ಲ ಎಂಬುದು ದೊಡ್ಡ ತರಗತಿಯವರಿಗೆ ತಕ್ಷಣ ಹೊಳೆಯಿತು.

ಕೊನೆಗೆ ಒಂದು ಮನೆಗೆಲಸ ಕೊಟ್ಟೆ: ಮೀಟರನ್ನು ಮುಟ್ಟದೆ, ಅದರ ಮೇಲೆ ಮಿನುಗುವ ಕೆಂಪು ದೀಪವನ್ನು ಒಂದು ನಿಮಿಷ ಎಣಿಸಿ ಬರಬೇಕು. ಮೀಟರಿನ ಮೇಲೆ 3200 imp/kWh ಎಂದಿದ್ದರೆ, ಅಷ್ಟು ಮಿನುಗಿಗೆ ಒಂದು ಯೂನಿಟ್. ಗೀಸರ್ ಕಾಯುತ್ತಿರುವಾಗ ಅದು ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಾರಿ ಮಿನುಗುತ್ತದೆ. ಎಲ್ಲವನ್ನೂ ಆರಿಸಿದೆವೆಂದುಕೊಂಡ ಮೇಲೂ ಆಗೊಮ್ಮೆ ಈಗೊಮ್ಮೆ ಮಿನುಗುತ್ತಿದ್ದರೆ, ರಿಮೋಟಿನಲ್ಲಷ್ಟೇ ಆರಿಸಿದ ಟಿವಿಯನ್ನೋ ಸೆಟ್‌ಟಾಪ್ ಬಾಕ್ಸನ್ನೋ ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ ಮತ್ತೊಮ್ಮೆ ಎಣಿಸಬೇಕು.