ಅರವತ್ತೊಂಬತ್ತು ಸೆಂಟಿಮೀಟರ್ ಬಾಗಿಲು

ನಮ್ಮ ಹೋಟೆಲ್ ವೆಬ್‌ಸೈಟಿನಲ್ಲಿ ಮೊದಲು ಇದ್ದದ್ದು ಒಂದೇ ಸಾಲು: ‘ವೀಲ್‌ಚೇರ್ ಸ್ನೇಹಿ ಕೊಠಡಿ ಲಭ್ಯ’. ಬರೆದವನೂ ನಾನೇ. ಅದನ್ನು ನಂಬಿ ಬಂದ ಅತಿಥಿಯ ಗಾಲಿಕುರ್ಚಿ ರಾತ್ರಿ ಹತ್ತಕ್ಕೆ ಬಾತ್‌ರೂಮ್ ಬಾಗಿಲಲ್ಲಿ ಸಿಕ್ಕಿಕೊಂಡಿತು. ಎರಡು ರಾತ್ರಿಯ ಬಾಡಿಗೆ ವಾಪಸ್ ಕೊಟ್ಟು, ಬೇರೆ ಹೋಟೆಲಿಗೆ ಹೋಗುವ ಟ್ಯಾಕ್ಸಿಯ ಖರ್ಚೂ ನಾವೇ ಭರಿಸಿದೆವು.

ನಾನು ಅಳೆದಿದ್ದು ಚೌಕಟ್ಟಿನ ಒಳಗಿನ ಅಗಲ, ಸುಮಾರು 74 ಸೆಂಟಿಮೀಟರ್. ಆದರೆ ಬಾಗಿಲು ಪೂರ್ತಿ ತೆರೆದರೂ ಹಲಗೆಯ ದಪ್ಪ ದಾರಿಗೆ ಅಡ್ಡ ನಿಲ್ಲುತ್ತದೆ. ತೆರೆದ ಹಲಗೆಯ ಮುಖದಿಂದ ಎದುರಿನ ಚೌಕಟ್ಟಿಗೆ ಟೇಪ್ ಹಿಡಿದರೆ ಉಳಿಯುವುದು 69. ಅವರ ಕುರ್ಚಿ 68. ಗಾಲಿ ತಳ್ಳುವ ಕೈಬೆರಳಿಗೆ ಜಾಗ ಎಲ್ಲಿ?

ಆ ಸಾಲು ತೆಗೆದು, ಅಳತೆಗಳನ್ನು ಹಾಕಿದೆ. ಜೊತೆಗೆ ಇಲ್ಲದ್ದನ್ನೂ: ‘ಶವರಿನ ಮುಂದೆ 8 ಸೆಂಟಿಮೀಟರ್ ಕಟ್ಟೆ ಇದೆ, ಕುರ್ಚಿಯಲ್ಲೇ ಒಳಗೆ ಹೋಗಲಾಗದು.’ ಮಾಲೀಕರು, “ಇಲ್ಲ ಇಲ್ಲ ಅಂತ ಬರೆದ್ರೆ ಯಾರಪ್ಪ ಬರ್ತಾರೆ?” ಅಂದರು. ರಿಸೆಪ್ಷನ್‌ನವರೂ ನಕ್ಕರು.

ಮೊದಲ ತಿಂಗಳು ಒಂದೂ ಬುಕಿಂಗ್ ಬರಲಿಲ್ಲ, ನಿಜ. ತಪ್ಪು ಫೋಟೋದಲ್ಲಿತ್ತು. ಕೋಣೆ ದೊಡ್ಡದಾಗಿ ಕಾಣಲೆಂದು ವೈಡ್ ಆಂಗಲ್‌ನಲ್ಲಿ ತೆಗೆಸಿದ್ದೆ, ಪಕ್ಕದ ಅಂಕಿಯನ್ನು ಯಾರೂ ನಂಬಲಿಲ್ಲ. ಆಮೇಲೆ ಬಾಗಿಲಿಗೆ ಅಡ್ಡ ಟೇಪ್ ಹಿಡಿದು, ಅಂಕಿ ಓದುವ ಹಾಗೆ ಮೊಬೈಲಿನಲ್ಲೇ ತೆಗೆದೆ. ಚಂದ ಇಲ್ಲ, ಕೆಲಸ ಮಾಡಿತು.

ಹಾಸಿಗೆಯದು ಇನ್ನೊಂದು ಪಾಠ. 50 ಸೆಂಟಿಮೀಟರ್ ಎತ್ತರ ಅಂತ ಬರೆದಿದ್ದೆ; ಹೌಸ್‌ಕೀಪಿಂಗ್‌ನವರು ಮೇಲೊಂದು ದಪ್ಪ ಮೆತ್ತೆ ಹಾಸಿ ಅದನ್ನು 60 ದಾಟಿಸಿದ್ದರು. ಕುರ್ಚಿಯಿಂದ ಪಕ್ಕಕ್ಕೆ ಜರುಗಿ ಕೂರುವವರಿಗೆ ಅದು ಗೋಡೆ ಹತ್ತಿದ ಹಾಗೆ. ಮಂಚದ ಪಕ್ಕದ 90 ಸೆಂಟಿಮೀಟರ್ ಜಾಗಕ್ಕೂ ಯಾರೋ ಒಂದು ಸೋಫಾ ತಳ್ಳಿದ್ದರು. ಈಗ ಮೂರು ತಿಂಗಳಿಗೊಮ್ಮೆ ನಾನೇ ಅಳೆದು, ಅಳೆದ ದಿನಾಂಕವನ್ನೂ ಪುಟದಲ್ಲಿ ಹಾಕುತ್ತೇನೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಬಾತ್‌ರೂಮ್ ಬಾಗಿಲಿಗೆ ಹಲಗೆಯನ್ನು ದಾರಿಯಿಂದ ಪೂರ್ತಿ ಹೊರಗೆ ಸರಿಸುವ ಆಫ್‌ಸೆಟ್ ಹಿಂಜ್ ಹಾಕಿಸಿದೆ. 69 ಇದ್ದದ್ದು ಸುಮಾರು 73 ಆಯಿತು. ಗೋಡೆ ಒಡೆಯುವ ಕೊಟೇಶನ್ನಿನ ಎದುರು ಅದು ಚಿಲ್ಲರೆ ಕಾಸು. ಆದರೆ ಬಾಗಿಲು ಪೂರ್ತಿ ತೆರೆದು, ಹಲಗೆ ದಾರಿಯ ಪಕ್ಕಕ್ಕೆ ಸರಿಯುವಷ್ಟು ಜಾಗ ಬೇಕು. ಇನ್ನೊಂದು ಕೋಣೆಯಲ್ಲಿ ವಾಶ್‌ಬೇಸಿನ್ ಅಡ್ಡ ಬಂದು ಹಿಂಜ್ ದಂಡವಾಯಿತು.

ಸುಮಾರು ಒಂದು ವರ್ಷವಾಯಿತು, ಆ ಕೋಣೆಯ ವಿಚಾರದಲ್ಲಿ ಹಣ ವಾಪಸ್ ಕೊಟ್ಟಿಲ್ಲ. “ಬಾಗಿಲು ಎಷ್ಟಿದೆ?” ಅನ್ನುವ ಫೋನು ವಾರಕ್ಕೆ ಐದಾರು ಬರುತ್ತಿದ್ದದ್ದು ಈಗ ಒಂದೋ ಎರಡೋ. ಬುಕಿಂಗ್ ಆದ ಕೂಡಲೇ ಅತಿಥಿಗೆ ನಾವು ಕೇಳುವ ಮೂರು ಪ್ರಶ್ನೆಗಳಿವೆ. ಒಂದು, ಬ್ಯಾಟರಿ ಕುರ್ಚಿಯೋ ಕೈಯಿಂದ ತಳ್ಳುವುದೋ ಎಂಬುದು. ಉಳಿದೆರಡು ನಮ್ಮ ರಿಸೆಪ್ಷನ್ ಡ್ರಾಯರಿನಲ್ಲೇ ಇರಲಿ. ಮಾಲೀಕರು ಈಗ ಹೊಸ ಅತಿಥಿಗಳಿಗೆ ಆ ಟೇಪ್ ಫೋಟೋವನ್ನು ತಾವೇ ಕಳಿಸುತ್ತಿದ್ದಾರೆ.