ಚಾಟ್‌ಬಾಟ್ ಹೇಳಿದ್ದನ್ನೇ ಹೇಳುತ್ತಿದೆಯೇ? ಪೆನಾಲ್ಟಿ ಹಾಕುವ ಮುನ್ನ ಇಷ್ಟು ನೋಡಿ

ಅಡಿಕೆಯ ಕೊಳೆರೋಗಕ್ಕೆ ಏನು ಮಾಡಬೇಕು ಎಂದು ಕೇಳಿದರೆ ‘ಬೋರ್ಡೋ ದ್ರಾವಣ ಸಿಂಪಡಿಸಬೇಕು. ಬೋರ್ಡೋ ದ್ರಾವಣ ಸಿಂಪಡಿಸಬೇಕು. ಬೋರ್ಡೋ ದ್ರಾವಣ...’ ಎಂದು ಪರದೆ ತುಂಬುವವರೆಗೂ ಒಂದೇ ಸಾಲು. ಮನೆಯ ಕಂಪ್ಯೂಟರಿನಲ್ಲಿ ಸಣ್ಣ ಮಾಡೆಲ್ ನಡೆಸುವವರಿಗೆ, ಅದರಲ್ಲೂ ಕನ್ನಡದಲ್ಲಿ ಕೇಳುವವರಿಗೆ, ಇದು ತೀರಾ ಪರಿಚಿತ ತೊಂದರೆ. ಹೆಚ್ಚಿನವರು ತಕ್ಷಣ ಮಾಡುವ ಕೆಲಸವೆಂದರೆ ಸೆಟ್ಟಿಂಗ್ಸ್‌ಗೆ ಹೋಗಿ, ಮರುಕಳಿಕೆಗೆ ದಂಡ ಹಾಕುವ ಪೆನಾಲ್ಟಿಗಳನ್ನೆಲ್ಲ ಒಟ್ಟಿಗೆ ಏರಿಸುವುದು. ಅದರಿಂದ ಸಾಲು ಮರುಕಳಿಸುವುದು ನಿಂತರೂ ಉತ್ತರವೇ ಕೆಡುತ್ತದೆ.

ಮಾಡೆಲ್ ಬರೆಯುವುದು ಟೋಕನ್ ಎಂಬ ಸಣ್ಣ ತುಣುಕುಗಳಲ್ಲಿ. ಈವರೆಗಿನ ಪಠ್ಯವನ್ನು ನೋಡಿ, ಮುಂದೆ ಬರಬಹುದಾದ ಪ್ರತಿ ತುಣುಕಿಗೂ ಒಂದು ಅಂಕ ಕೊಡುತ್ತದೆ. ಆ ‘ಈವರೆಗಿನ ಪಠ್ಯ’ದಲ್ಲಿ ಅದು ತಾನೇ ಬರೆದದ್ದೂ ಸೇರಿರುತ್ತದೆ. ಒಂದು ಸಾಲು ಎರಡು ಸಲ ಬಂದಿದ್ದರೆ ಮೂರನೆಯ ಸಲ ಅದೇ ಬರುವ ಸಂಭವ ಇನ್ನೂ ಹೆಚ್ಚುತ್ತದೆ. ಅರಿ ಹೋಲ್ಟ್ಸ್‌ಮನ್ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದ್ದು ಇದನ್ನೇ: ಪ್ರತಿ ಮರುಕಳಿಕೆಯೂ ಮುಂದಿನದಕ್ಕೆ ಬಲ ಕೊಡುತ್ತದೆ. ಆದ್ದರಿಂದಲೇ ಸುಳಿಗೆ ಸಿಕ್ಕ ಮಾಡೆಲ್ ತಾನಾಗಿ ಹೊರಬರುವುದು ಅಪರೂಪ.

ಮೊದಲು: ಪೆನಾಲ್ಟಿ ಮುಟ್ಟದೆ

ಟೆಂಪರೇಚರ್ 0 ಇದ್ದರೆ 0.7ಕ್ಕೆ ತನ್ನಿ, ತೀರಾ ಕಡಿಮೆ ಸಂಭವದ ತುಣುಕುಗಳನ್ನು ಕೈಬಿಡುವ `top_p`ಯನ್ನು 0.9 ಇಡಿ. ಟೆಂಪರೇಚರ್ 0 ಎಂದರೆ ಸದಾ ಅತಿ ಹೆಚ್ಚು ಅಂಕದ ತುಣುಕನ್ನೇ ಆರಿಸುವುದು; ಸುಳಿ ಹುಟ್ಟಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆಮೇಲೆ ಹೊಸ ಚಾಟ್ ತೆರೆಯಿರಿ. ಹಳೆಯ ಚಾಟ್‌ನಲ್ಲಿ ಉಳಿದಿರುವ ಕೆಟ್ಟ ಉತ್ತರವೂ ಈವರೆಗಿನ ಪಠ್ಯವೇ, ಅದೇ ಮುಂದಿನ ಸುಳಿಗೆ ಬೀಜ. ಒಂದು ಸಾಲಲ್ಲ, ಇಡೀ ಉತ್ತರವೇ ಮುಗಿದು ಮತ್ತೆ ಮೊದಲಿನಿಂದ ಶುರುವಾಗುತ್ತಿದ್ದರೆ, ಪ್ರಶ್ನೆ ಎಲ್ಲಿ ಮುಗಿಯಿತು, ಉತ್ತರ ಎಲ್ಲಿ ಮುಗಿಯಿತು ಎಂದು ಗುರುತು ಹಾಕುವ ಚಾಟ್ ಟೆಂಪ್ಲೇಟ್ ತಪ್ಪಿರುವ ಸಾಧ್ಯತೆ ಹೆಚ್ಚು. ‘ಮುಗಿಯಿತು’ ಎಂಬ ಟೋಕನ್ ಸರಿಯಾಗಿ ಬರುತ್ತಿಲ್ಲ, ಅಥವಾ ಬಂದರೂ ಪ್ರೋಗ್ರಾಂ ಅದನ್ನು ಗುರುತಿಸುತ್ತಿಲ್ಲ. ಇದಕ್ಕೆ ಪೆನಾಲ್ಟಿ ಮದ್ದಲ್ಲ.

ಮೂರು ಪೆನಾಲ್ಟಿಗಳ ಲೆಕ್ಕ

ಇಲ್ಲಿಯೇ ಜನ ಎಡವುವುದು, ಆದ್ದರಿಂದ ನಿಧಾನವಾಗಿ ನೋಡೋಣ. ಸುಳಿಯ ತುಣುಕಿಗೆ ಅಂಕ 9, ಬೇರೊಂದು ಒಳ್ಳೆಯ ತುಣುಕಿಗೆ 6 ಇದೆ ಎಂದುಕೊಳ್ಳಿ. ಅಂಕದಲ್ಲಿ 3ರ ಅಂತರವೆಂದರೆ ಸಂಭವದಲ್ಲಿ ಸುಮಾರು 20 ಪಟ್ಟು.

ರಿಪಿಟಿಷನ್ ಪೆನಾಲ್ಟಿ ಭಾಗಿಸುತ್ತದೆ. 1.1 ಇಟ್ಟರೆ 9 ಎಂಬುದು 8.2 ಆಗುತ್ತದೆ, 20 ಪಟ್ಟು ಸುಮಾರು 9 ಪಟ್ಟಿಗೆ ಇಳಿಯುತ್ತದೆ. 1.3 ಇಟ್ಟರೆ ಎರಡೂವರೆ ಪಟ್ಟು ಮಾತ್ರ. ಅಂಕ ಸೊನ್ನೆಗಿಂತ ಕೆಳಗಿದ್ದರೆ ಭಾಗಿಸುವ ಬದಲು ಗುಣಿಸುತ್ತದೆ, ಅಂದರೆ ಇನ್ನಷ್ಟು ಕೆಳಕ್ಕೆ ತಳ್ಳುತ್ತದೆ. ತುಣುಕು ಒಂದು ಸಲ ಬಂದಿರಲಿ, ಐವತ್ತು ಸಲ ಬಂದಿರಲಿ, ದಂಡ ಅಷ್ಟೇ. ಇದಕ್ಕೆ 1 ಎಂದರೆ ‘ಬಂದ್’.

ಪ್ರೆಸೆನ್ಸ್ ಪೆನಾಲ್ಟಿಯೂ ಒಂದೇ ಸಲದ ದಂಡ, ಆದರೆ ಭಾಗಿಸದೆ ಕಳೆಯುತ್ತದೆ. ಫ್ರೀಕ್ವೆನ್ಸಿ ಪೆನಾಲ್ಟಿ ಹಾಗಲ್ಲ, ಅದು ಬಂದ ಸಲಕ್ಕೊಮ್ಮೆ ಕಳೆಯುತ್ತ ಹೋಗುತ್ತದೆ. 0.3 ಇಟ್ಟರೆ ಮೂರು ಸಲ ಬಂದ ತುಣುಕಿಗೆ 0.9, ಹತ್ತು ಸಲ ಬಂದದ್ದಕ್ಕೆ 3. ಈ ಎರಡಕ್ಕೂ 0 ಎಂದರೆ ‘ಬಂದ್’. ಓಪನ್‌ಎಐ ಎಪಿಐನಲ್ಲಿ ಇವೆರಡರ ವ್ಯಾಪ್ತಿ -2ರಿಂದ 2ರವರೆಗೆ. 2 ಎಂಬುದು ನೋಡಲು ಸಣ್ಣ ಸಂಖ್ಯೆ. ಹತ್ತು ಸಲ ಬಂದ ತುಣುಕಿಗೆ ಅದು 20 ಅಂಕಗಳ ಹೊಡೆತ.

ಈಗ ಕನ್ನಡದ ವಿಷಯ. ಹಲವು ಮಾಡೆಲ್‌ಗಳು ಕನ್ನಡ ಪದವನ್ನು ನಾಲ್ಕೈದು ತುಣುಕಾಗಿಯೋ ಅದಕ್ಕಿಂತ ಸಣ್ಣದಾಗಿಯೋ ಒಡೆಯುತ್ತವೆ. ದಂಡ ಬೀಳುವುದು ಪದಕ್ಕಲ್ಲ, ತುಣುಕಿಗೆ. ‘ತೋಟದಲ್ಲಿ’, ‘ಮಳೆಗಾಲದಲ್ಲಿ’, ‘ಗೊನೆಗಳಲ್ಲಿ’ ಎಂದು ಬರೆದಾಗಲೆಲ್ಲ ‘ಲ್ಲಿ’ಯ ತುಣುಕುಗಳ ಲೆಕ್ಕ ಏರುತ್ತದೆ. ಮೂರು ಪ್ಯಾರಾದಲ್ಲಿ 30 ಸಲ ಬಂದಿದ್ದರೆ 0.3ರ ಫ್ರೀಕ್ವೆನ್ಸಿ ಪೆನಾಲ್ಟಿ 9 ಅಂಕ ಕಿತ್ತುಕೊಂಡಿರುತ್ತದೆ. ಆಮೇಲೆ ಮಾಡೆಲ್ ವಿಭಕ್ತಿಯನ್ನೇ ತಪ್ಪಿಸುತ್ತದೆ, ಅರ್ಧ ಅಕ್ಷರ ಬಿಡುತ್ತದೆ, ನಡುವೆ ಇಂಗ್ಲಿಷಿಗೋ ಹಿಂದಿಗೋ ಹಾರುತ್ತದೆ. ಉತ್ತರದ ಮೊದಲರ್ಧ ಚೆನ್ನಾಗಿದ್ದು ಕೊನೆ ಕೊನೆಗೆ ಹದಗೆಡುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಕನ್ನಡಕ್ಕೆ ಫ್ರೀಕ್ವೆನ್ಸಿ ಪೆನಾಲ್ಟಿಯನ್ನು 0ಯಲ್ಲೇ ಇಡಿ.

ನಿಮ್ಮ ಮಾಡೆಲ್ ಪದವನ್ನು ಹೇಗೆ ಒಡೆಯುತ್ತದೆ ಎಂದು, ಮನೆಯ ಕಂಪ್ಯೂಟರಿನಲ್ಲಿ ಮಾಡೆಲ್ ನಡೆಸುವ llama.cpp ಪ್ರೋಗ್ರಾಂನಲ್ಲಿ ಹೀಗೆ ನೋಡಬಹುದು:

```
llama-tokenize -m model.gguf -p "ತೋಟದಲ್ಲಿ ಸಿಂಪಡಿಸಬೇಕು"
```

ಅಂಕಿಗಳ ಅಪಾಯ ಇನ್ನೂ ದೊಡ್ಡದು. ಶೇ 1ರ ಬೋರ್ಡೋ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಅಂಕಿಗಳನ್ನು ಒಂದೊಂದಾಗಿ ಬಿಡಿಸುವ ಮಾಡೆಲ್ ‘ಸುಣ್ಣ’ಕ್ಕೆ ಬರುವಷ್ಟರಲ್ಲಿ ‘1’ ಆರು ಸಲ ಬಂದಿದೆ ಎನ್ನೋಣ. ‘1’ಕ್ಕೆ ಅಂಕ 9, ಇನ್ನೂ ಬಾರದ ‘2’ಕ್ಕೆ 7. ಫ್ರೀಕ್ವೆನ್ಸಿ ಪೆನಾಲ್ಟಿ 0.5 ಇದ್ದರೆ 9ರಲ್ಲಿ 3 ಹೋಗಿ 6 ಉಳಿಯುತ್ತದೆ. ಗೆದ್ದದ್ದು ‘2’. ಭಾಷೆ ಸರಾಗವಾಗಿಯೇ ಇರುತ್ತದೆ, ಸುಣ್ಣದ ಅಳತೆ ಮಾತ್ರ ಇಮ್ಮಡಿ. ಓದುವವರಿಗೆ ಅನುಮಾನವೂ ಬರುವುದಿಲ್ಲ.

ಹಾಗಾದರೆ ಎಷ್ಟು ಇಡಬೇಕು?

ರಿಪಿಟಿಷನ್ ಪೆನಾಲ್ಟಿಯನ್ನು 1.05ರಿಂದ ಶುರು ಮಾಡಿ, ಬೇಕಾದರೆ 1.1. ಕನ್ನಡದಲ್ಲಿ 1.15 ದಾಟಬೇಡಿ. ಎಲ್ಲೆಡೆ ಕಾಣುವ 1.2 ಎಂಬ ಸಲಹೆ 2019ರ ಸಿಟಿಆರ್‌ಎಲ್ ಮಾಡೆಲ್‌ನ ಪ್ರಬಂಧದಿಂದ ಬಂದದ್ದು, ಆ ಮಾಡೆಲ್ ಕಲಿತದ್ದು ಮುಖ್ಯವಾಗಿ ಇಂಗ್ಲಿಷ್ ಬರಹ.

ದಂಡ ಹಾಕಲು ಎಷ್ಟು ಟೋಕನ್ ಹಿಂದಕ್ಕೆ ನೋಡಬೇಕು ಎಂಬುದನ್ನೂ ಗಮನಿಸಿ. llama.cppಯಲ್ಲಿ ಅದು ಮೊದಲಿಗೆ 64 ಇರುತ್ತದೆ. ಪದಕ್ಕೆ ಐದು ಟೋಕನ್ ಆದರೆ 64 ಎಂದರೆ ಹನ್ನೆರಡು ಹದಿಮೂರು ಪದ. ಅದಕ್ಕಿಂತ ಉದ್ದದ ವಾಕ್ಯ ಸುತ್ತುತ್ತಿದ್ದರೆ, ಅದರ ಹಿಂದಿನ ಸುತ್ತು ಪೆನಾಲ್ಟಿಯ ಕಣ್ಣಿಗೇ ಬೀಳುವುದಿಲ್ಲ. 256 ಇಡಿ.

```
llama-cli -m model.gguf --seed 42 --temp 0.7 --top-p 0.9 \
  --repeat-last-n 256 --repeat-penalty 1.05
```

`--seed` ಒಂದೇ ಇರಲಿ, ಒಂದು ಸಲಕ್ಕೆ ಒಂದೇ ಸಂಖ್ಯೆ ಬದಲಿಸಿ. ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು.

ಹಗ್ಗಿಂಗ್ ಫೇಸ್‌ನ ಲೈಬ್ರರಿ ಬಳಸುವವರು ಒಂದು ನೆನಪಿಡಿ: ಚಾಟ್ ಮಾಡೆಲ್‌ಗಳಲ್ಲಿ ಅದರ `repetition_penalty` ನಿಮ್ಮ ಪ್ರಶ್ನೆಯ ಪದಗಳನ್ನೂ ಎಣಿಸುತ್ತದೆ. ಉದ್ದದ ದಾಖಲೆ ಅಂಟಿಸಿ ಸಾರಾಂಶ ಕೇಳಿದರೆ ದಾಖಲೆಯಲ್ಲಿರುವ ಹೆಸರುಗಳನ್ನೇ ಮಾಡೆಲ್ ತಪ್ಪಿಸಲು ನೋಡುತ್ತದೆ. `no_repeat_ngram_size` ಎಂಬ ಸುಲಭದ ದಾರಿಯನ್ನು ಕನ್ನಡಕ್ಕೆ ಬಳಸಲೇಬೇಡಿ. ಅಲ್ಲಿ 3 ಎಂದು ಕೊಟ್ಟರೆ ಮೂರು ತುಣುಕಿನ ಸರಣಿ ಎರಡನೆಯ ಸಲ ಬರುವಂತೆಯೇ ಇಲ್ಲ, ಅಂದರೆ ಎಷ್ಟೋ ಪದಗಳನ್ನು ಉತ್ತರದಲ್ಲಿ ಒಮ್ಮೆ ಮಾತ್ರ ಬರೆಯಬಹುದು.

ಇನ್ನೂ ನಿಲ್ಲದಿದ್ದರೆ

ರಿಪಿಟಿಷನ್ ಪೆನಾಲ್ಟಿಯನ್ನು 1ಕ್ಕೆ ಇಳಿಸಿ, llama.cppಯ DRY ಬಳಸಿ. ಇದು ಬಿಡಿ ತುಣುಕನ್ನು ದಂಡಿಸುವುದಿಲ್ಲ. ಹಿಂದೆ ಬಂದ ಸರಣಿಯನ್ನೇ ಮುಂದುವರಿಸಲು ಹೊರಟ ತುಣುಕನ್ನು ಮಾತ್ರ ಹಿಡಿಯುತ್ತದೆ, ಸರಣಿ ಉದ್ದವಾದಷ್ಟೂ ದಂಡ ಏರುತ್ತದೆ. ಮೇಲಿನ ಆಜ್ಞೆಯಲ್ಲಿ `--repeat-penalty 1.05` ತೆಗೆದು ಇದನ್ನು ಹಾಕಿ:

```
--repeat-penalty 1.0 --dry-multiplier 0.8 --dry-base 1.75 --dry-allowed-length 8
```

ಕೊನೆಯ ಸಂಖ್ಯೆ ಮೊದಲಿಗೆ 2 ಇರುತ್ತದೆ. ಕನ್ನಡದಲ್ಲಿ ಎರಡು ತುಣುಕು ಒಂದು ಪದವೂ ಆಗದಿರಬಹುದು, ಅದಕ್ಕೇ 8. ಆಗ ಸರಣಿ 8 ತುಣುಕಿನದಾದಾಗ ದಂಡ 0.8ರಿಂದ ಶುರುವಾಗಿ, 11 ತುಣುಕಿಗೆ ಸುಮಾರು 4.3, 14ಕ್ಕೆ 23 ಆಗುತ್ತದೆ. ‘ಲ್ಲಿ’ಗೆ ಏನೂ ಆಗುವುದಿಲ್ಲ, ‘ಬೋರ್ಡೋ ದ್ರಾವಣ ಸಿಂಪಡಿಸಬೇಕು’ ಮಾತ್ರ ಮುರಿಯುತ್ತದೆ.

ಇಷ್ಟಾದ ಮೇಲೆ ಅಳತೆ, ದಿನಾಂಕ, ಹೆಸರು ಇರುವ ಒಂದು ಪ್ರಶ್ನೆಯನ್ನು ಪೆನಾಲ್ಟಿ ಹಾಕಿ ಒಮ್ಮೆ, ತೆಗೆದು ಒಮ್ಮೆ ಕೇಳಿ, ಎರಡು ಉತ್ತರಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಂಡರೆ ಮೂಲ ಅಳತೆಯನ್ನು ನಂಬಿಕೆಯ ಕಡೆ ಪರಿಶೀಲಿಸಿ, ಪೆನಾಲ್ಟಿಯನ್ನು ಇಳಿಸಿ.