ದರ ಏರಿಕೆಯ ಪತ್ರವನ್ನು ಮೂರು ಸಲ ಬರೆದದ್ದು

ನಮ್ಮದು ಬಿಲ್ ಪುಸ್ತಕ, ರಸೀದಿ ಪುಸ್ತಕ, ಲೆಟರ್‌ಹೆಡ್‌ಗಳನ್ನು ಮುದ್ರಿಸುವ ಸಣ್ಣ ಮುದ್ರಣಾಲಯ. ಎರಡು ವರ್ಷ ಒಂದೇ ದರದಲ್ಲಿ ಕೆಲಸ ಮಾಡಿಕೊಟ್ಟ ಮೇಲೆ ಏರಿಸದೆ ಬೇರೆ ದಾರಿ ಉಳಿದಿರಲಿಲ್ಲ. ಕಾಯಂ ಗ್ರಾಹಕರಿಗೆ ತಿಳಿಸಲೆಂದು ನಾನು ಮೊದಲು ಮೊಬೈಲಿನಲ್ಲಿ ಬರೆದದ್ದು ಹೀಗಿತ್ತು:

"ನಮಸ್ಕಾರ ಸರ್, ಬೇಜಾರ್ ಮಾಡ್ಕೋಬೇಡಿ, ಎಲ್ಲಾದರ ರೇಟೂ ಜಾಸ್ತಿ ಆಗಿದೆ, ನಾವೂ ಸ್ವಲ್ಪ ಜಾಸ್ತಿ ಮಾಡ್ಬೇಕಾಗಿದೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಕಳುಹಿಸುವ ಮೊದಲು ಇದನ್ನು ನಮ್ಮಲ್ಲಿ ಲೆಕ್ಕ ಬರೆಯುವವರಿಗೆ ತೋರಿಸಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ: "ಎಷ್ಟು? ಯಾವತ್ತಿಂದ?" ಎರಡಕ್ಕೂ ಸಂದೇಶದಲ್ಲಿ ಉತ್ತರವಿರಲಿಲ್ಲ. 'ಸ್ವಲ್ಪ' ಎಂಬ ಮಾತು ಎರಡು ಸಲ ಬಂದಿತ್ತು. ಅದನ್ನು ಓದಿದವರು ಚೌಕಾಸಿಗೆ ಇಳಿದರೆ ಅದು ಅವರ ತಪ್ಪಲ್ಲ.

ಎರಡನೆಯ ಸಲ ನಾನು ಇನ್ನೊಂದು ತುದಿಗೆ ಹೋದೆ. "ಅನಿವಾರ್ಯ ಕಾರಣಗಳಿಂದಾಗಿ ದರಗಳನ್ನು ಪರಿಷ್ಕರಿಸಲಾಗಿದೆ; ಗ್ರಾಹಕರು ಸಹಕರಿಸಬೇಕಾಗಿ ವಿನಂತಿ" ಎಂದು ಬರೆದೆ. ವಾಕ್ಯ ಗಂಭೀರವಾಗಿತ್ತು, ಆದರೆ ಏರಿಸಿದವರು ಯಾರು, ಏಕೆ ಎಂಬುದು ಅದರಲ್ಲಿ ಮರೆಯಾಗಿತ್ತು. 'ಪರಿಷ್ಕರಣೆ' ಎಂದರೆ ಇಳಿಕೆಯೂ ಆಗಬಹುದು. ಏರಿಸುತ್ತಿರುವಾಗ ಏರಿಕೆ ಎಂದೇ ಬರೆಯುವುದು ಪ್ರಾಮಾಣಿಕ.

ಕಾರಣವನ್ನು ಸ್ಪಷ್ಟವಾಗಿ ಬರೆಯಬೇಕೆಂದರೆ ಅದು ಮೊದಲು ನನಗೇ ಸ್ಪಷ್ಟವಾಗಬೇಕಿತ್ತು. ಒಂದು ಬಿಲ್ ಪುಸ್ತಕಕ್ಕೆ ಆಗುವ ಖರ್ಚನ್ನು 100 ಎಂದಿಟ್ಟುಕೊಂಡರೆ, ನಮ್ಮಲ್ಲಿ ಅದರಲ್ಲಿ ಕಾಗದದ ಪಾಲು 45, ಕೂಲಿಯ ಪಾಲು 25. ಕಾಗದದ ಬೆಲೆ ಶೇ 20ರಷ್ಟು ಏರಿದ್ದರಿಂದ ಖರ್ಚಿಗೆ 9 ಸೇರಿತು. ಕೂಲಿಯನ್ನು ಶೇ 8ರಷ್ಟು ಹೆಚ್ಚಿಸಿದ್ದರಿಂದ ಇನ್ನೂ 2 ಸೇರಿತು. ಹಿಂದೆ 120ಕ್ಕೆ ಮಾರುತ್ತಿದ್ದುದನ್ನು, ಲಾಭವನ್ನು ಬೆಳೆಸದೆ, ಈಗ 131ಕ್ಕೆ ಮಾರಬೇಕು; ಅಂದರೆ ಏರಿಕೆ ಶೇ 9ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗೆ ಒಂದು ಅಂದಾಜಿನ ಮೇಲೆ ಶೇ 15 ಎಂದುಕೊಂಡಿದ್ದ ನಾನು ಶೇ 9ಕ್ಕೆ ನಿಂತೆ. ಯಾರಾದರೂ ಲೆಕ್ಕ ಕೇಳಿದರೆ ಕಾಗದದ ಹಳೆಯ ಮತ್ತು ಹೊಸ ಬಿಲ್ಲುಗಳನ್ನು ಮುಂದಿಡುವ ಧೈರ್ಯವೂ ಬಂತು.

ಕೊನೆಗೆ ಕಳುಹಿಸಿದ ಪತ್ರ ಇದು:

"ಮಾನ್ಯರೇ, ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಮುದ್ರಣ ದರಗಳನ್ನು ಶೇ 9ರಷ್ಟು ಏರಿಸುತ್ತಿದ್ದೇವೆ. ಎರಡು ವರ್ಷಗಳಿಂದ ದರ ಬದಲಾಗಿರಲಿಲ್ಲ. ಈ ಅವಧಿಯಲ್ಲಿ ಕಾಗದದ ಬೆಲೆ ಶೇ 20ರಷ್ಟು ಏರಿದೆ, ಕೆಲಸಗಾರರ ಕೂಲಿಯನ್ನೂ ಹೆಚ್ಚಿಸಿದ್ದೇವೆ. ಆ ತಾರೀಖಿಗೆ ಮೊದಲು ತಾವು ಕೊಟ್ಟ ಆರ್ಡರ್‌ಗಳಿಗೆ, ಅವು ತಮ್ಮ ಕೈಸೇರುವುದು ತಡವಾದರೂ, ಹಳೆಯ ದರವೇ ಇರುತ್ತದೆ. ಕಾಗದದ ಗುಣಮಟ್ಟದಲ್ಲಿ ಬದಲಾವಣೆ ಇಲ್ಲ. ಹೊಸ ದರಪಟ್ಟಿಯನ್ನು ಜೊತೆಗಿಟ್ಟಿದ್ದೇವೆ. ಪ್ರಶ್ನೆಗಳಿದ್ದರೆ ದಯವಿಟ್ಟು ನನಗೇ ಕರೆ ಮಾಡಿ."

ಇದರಲ್ಲಿ ಕ್ಷಮೆ ಇಲ್ಲ. ಕ್ಷಮೆ ಕೇಳಿದರೆ ತಪ್ಪು ಮಾಡಿದಂತಾಗುತ್ತದೆ ಎಂದು ನನಗೆ ಅನಿಸಿತು. ಮೂವತ್ತು ದಿನ ಮುಂಚಿತವಾಗಿ ತಿಳಿಸುವುದೇ ಸಾಕಷ್ಟು ಮರ್ಯಾದೆ. ಭಾಷೆಯಲ್ಲಿ ಎರಡು ಕಡೆ ಎಡವಿದ್ದೆ. ಕರಡಿನಲ್ಲಿ 'ತಾವು' ಎಂದು ಆರಂಭಿಸಿ ಮೂರನೆಯ ಸಾಲಿನಲ್ಲಿ 'ನೀವು' ಎಂದು ಇಳಿದಿದ್ದೆ. ಗೌರವದ ಪತ್ರದಲ್ಲಿ ಇದು ತಟ್ಟನೆ ಕಣ್ಣಿಗೆ ಬೀಳುತ್ತದೆ. ಹಾಗೆಯೇ 'ಶೇ 9ಕ್ಕೆ ಏರಿಸುತ್ತಿದ್ದೇವೆ' ಎಂದು ಬರೆದಿದ್ದೆ. 'ರಷ್ಟು' ಮತ್ತು 'ಕ್ಕೆ' ನಡುವಿನ ವ್ಯತ್ಯಾಸ ಇಂಥ ಕಡೆ ಹಣದ ವ್ಯತ್ಯಾಸವೇ ಆಗುತ್ತದೆ.

ಹೆಚ್ಚು ಆರ್ಡರ್ ಕೊಡುವ ಐದಾರು ಮಂದಿಗೆ ಪತ್ರ ತಲುಪುವ ಹಿಂದಿನ ದಿನ ಕರೆ ಮಾಡಿ ನಾನೇ ಹೇಳಿದೆ. ಅವರಲ್ಲಿ ಒಬ್ಬರು ಮಾತ್ರ "ನಮಗೆ ಹಳೇ ರೇಟೇ ಇರಲಿ" ಎಂದರು. ಒಬ್ಬರಿಗೆ ಒಪ್ಪಿದರೆ ಉಳಿದವರಿಗೆ ಕಳುಹಿಸುವ ಪತ್ರ ಸುಳ್ಳಾಗುತ್ತದೆ. ಆದ್ದರಿಂದ ದರವನ್ನು ಇಳಿಸದೆ, ಅವರು ಬಿಡಿಬಿಡಿಯಾಗಿ ಕೊಡುತ್ತಿದ್ದ ಮೂರು ಆರ್ಡರ್‌ಗಳನ್ನು ಒಟ್ಟಿಗೆ ಕೊಟ್ಟರೆ ಯಂತ್ರವನ್ನು ಒಂದೇ ಸಲ ಹೊಂದಿಸುವುದರಿಂದ ಉಳಿಯುವ ಖರ್ಚನ್ನು ಬಿಟ್ಟುಕೊಡುವೆನೆಂದೆ. ಅವರು ಒಪ್ಪಿದರು.

ನಾನು ಯೋಚಿಸದೇ ಬಿಟ್ಟದ್ದು ಬೇರೊಂದಿತ್ತು. ಹಳೆಯ ದರದ ಆರ್ಡರ್‌ಗೆ ಮಿತಿ ಹಾಕಿರಲಿಲ್ಲ. ತಿಂಗಳ ಕೊನೆಯ ವಾರ ಒಬ್ಬ ಗ್ರಾಹಕರು ವರ್ಷಕ್ಕೆ ಬೇಕಾಗುವಷ್ಟು ರಸೀದಿ ಪುಸ್ತಕಗಳಿಗೆ ಒಮ್ಮೆಲೇ ಆರ್ಡರ್ ಕೊಟ್ಟರು. ಬರೆದುಕೊಟ್ಟ ಮಾತಾದ್ದರಿಂದ ನಷ್ಟವನ್ನು ನುಂಗಿ ಮುದ್ರಿಸಿಕೊಟ್ಟೆ. ಈಗ ಕಡತದಲ್ಲಿರುವ ಪ್ರತಿಯಲ್ಲಿ ಆ ಸಾಲಿನ ಪಕ್ಕಕ್ಕೆ 'ಎರಡು ತಿಂಗಳ ವಾಡಿಕೆಯ ಬಳಕೆಯಷ್ಟಕ್ಕೆ ಮಾತ್ರ' ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.